ಮಸಾಲ ಪುರಿ ಬಂಡಿ ರೀಲ್‌ಗೆ ಕ್ಯಾಪ್ಶನ್: ಮೊದಲ್ನೇ ಸಾಲು ಎಲ್ಲಿಂದ ತರ್ಬೇಕು?

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಫುಡ್ ರೀಲ್ಸ್ ಮಾಡೋ ಹುಡುಗ್ರು ಹುಡುಗೇರು ನಂಗೆ ತಿರುಗಿ ತಿರುಗಿ ಕೇಳೋದು ಒಂದೇ, "ವಿಡಿಯೋ ಚೊಲೋ ಬಂದೈತಿ ರೀ, ಕ್ಯಾಪ್ಶನ್ ಮೊದಲ್ನೇ ಸಾಲು ಏನ್ ಹಾಕ್ಬೇಕು ಗೊತ್ತಾಗವಲ್ದು." ಅದ್ರಾಗೂ ಮಸಾಲ ಪುರಿ ಅಂದ್ರೆ ಎಲ್ರೂ ಸಿಕ್ಕಾಕೊಳ್ತಾರೆ, ಯಾಕಂದ್ರೆ ಊರಾಗ ಸರ್ಕಲ್‌ಗೊಂದು ಬಂಡಿ ಐತಿ, ಎಲ್ಲಾ ಬಂಡ್ಯಾಗೂ ಅದೇ ಪುರಿ, ಅದೇ ಬಟಾಣಿ, ಅದೇ ಉಳ್ಳಾಗಡ್ಡಿ, ಅದೇ ಸೇವು, ಹಂಗಾಗಿ ಎಲ್ಲರ ಕ್ಯಾಪ್ಶನ್ನೂ "ಬಾಯಲ್ಲಿ ನೀರೂರಿಸುವ ಮಸಾಲ ಪುರಿ" ಅನ್ನೋದ್ರಾಗೇ ಬಂದು ನಿಲ್ತೈತಿ. ಆ ಸಾಲು ಯಾವ ಬಂಡಿಗಾದ್ರೂ ಹಾಕ್ಬೋದು, ಅದಕ್ಕೇ ಅದನ್ನ ಯಾರೂ ಓದಲ್ಲ.

ಹುಕ್ ಅಂದ್ರೆ ಸ್ಕ್ರೋಲ್ ಮಾಡ್ತಾ ಇರೋ ಬೆರಳನ್ನ ಒಂದು ಕ್ಷಣ ನಿಲ್ಸೋ ಸಾಲು, ಅಷ್ಟೆ. ಅದನ್ನ ಮನ್ಯಾಗ ಕುಂತು ಪದ ಜೋಡ್ಸಿ ಮಾಡೋಕೆ ಆಗಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದು ಬಂಡಿ ಹತ್ರಾನೇ ಇರ್ತೈತಿ, ಬಾಣಲೇಲಿ, ಅಣ್ಣನ ಕೈಯಾಗ, ದಿನಾ ಬರೋ ಗಿರಾಕಿ ಬಾಯಾಗ. ಹೋಗಿ ಎತ್ಕೊಂಡು ಬರೋ ದಾರಿ ಹೆಂಗೆ ಅಂತ ಒಂದು ಬಂಡಿ ಉದಾಹರಣೆ ಇಟ್ಕೊಂಡು ಕೆಳಗೆ ಹೇಳ್ತೀನಿ. ಬಂಡಿ ಬಳ್ಳಾರೀದು, ಹೆಸರು ಜಾಗ ಹಾಕಲ್ಲ.

ಬೇಕಾಗಿರೋದು ಭಾಳ ಇಲ್ಲ. ಫೋನು, ಅದ್ರಾಗ ನೋಟ್ಸ್ ಆ್ಯಪ್ಪು, ಒಂದೇ ಸಂಜಿ ಎರಡು ಸಲ ತಿನ್ನೋ ಹೊಟ್ಟೆ ಮತ್ತೆ ಅದಕ್ಕೆ ದುಡ್ಡು, ಬಂಡಿಯವ್ರ ಒಪ್ಪಿಗೆ, ಆಮೇಲೆ ನಿಮ್ಮ ಮೇನ್ ಅಕೌಂಟ್ ಬಿಟ್ಟು ಇನ್ನೊಂದು ಪ್ರೈವೇಟ್ ಇನ್‌ಸ್ಟಾಗ್ರಾಮ್ ಅಕೌಂಟು. ಈ ಕೊನೇದು ಯಾಕೆ ಅಂತ ಈಗ್ಲೇ ಬರ್ತೈತಿ.

1. ಮೊದ್ಲು ಜಾಗ ಎಷ್ಟೈತಿ ಅಂತ ಅಳೀರಿ

ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ಗೆ 2200 ಅಕ್ಷರದ ತನಕ ಜಾಗ ಕೊಡ್ತೈತಿ, ಆದ್ರೆ ರೀಲ್ ಓಡ್ತಾ ಇರೋವಾಗ ಕೆಳಗೆ ಕಾಣೋದು ಸಾಮಾನ್ಯವಾಗಿ ಒಂದೇ ಸಾಲು, ಅದೂ ಪೂರ್ತಿ ಅಗಲ ಅಲ್ಲ, ಬಲಗಡೆ ಲೈಕು ಕಾಮೆಂಟು ಶೇರಿನ ಬಟನ್ ನಿಂತಿರ್ತಾವೆ. ಉಳಿದಿದ್ದೆಲ್ಲಾ ಮೂರು ಚುಕ್ಕಿ ಹಿಂದೆ ಅಡಗಿರ್ತೈತಿ, ಒತ್ತಿದ್ರೇನೇ ಬಿಚ್ಕೊಳ್ಳೋದು. ನೀವು ಮೂರನೇ ಸಾಲ್ನಾಗ ಏನೇ ಬಂಗಾರ ಬರೆದಿದ್ರೂ ಮೊದಲ್ನೇ ಸಾಲು ಒತ್ತಿಸ್ಲಿಲ್ಲ ಅಂದ್ರೆ ಅದು ಯಾರಿಗೂ ಕಾಣಲ್ಲ.

ಇಂಗ್ಲಿಷ್ ಟಿಪ್ಸ್ ವಿಡಿಯೋದವ್ರು ಹೇಳೋ ಅಕ್ಷರ ಲೆಕ್ಕ ನಮ್ಗೆ ಹೊಂದಲ್ಲ. ಕನ್ನಡ ಅಕ್ಷರ ಅಗಲ ಜಾಸ್ತಿ ತಗೊಳ್ತೈತಿ, ಮೇಲಾಗಿ ನಮ್ಮ ಪದಗಳೂ ಉದ್ದ. "ತಿನ್ಕೊಂಡ್ಬಂದ್ವಿ" ಅನ್ನೋ ಒಂದೇ ಪದ ಸಾಲಿನ ಎಷ್ಟು ಜಾಗ ತಿಂತೈತಿ ನೋಡ್ರಿ. ನಾನು ಇಟ್ಕೊಂಡಿರೋ ಅಳತೆ ನಾಲ್ಕರಿಂದ ಆರು ಪದ, ಅದ್ರಾಗೂ ವಿಷಯದ ಜೀವ ಮೊದಲ್ನೇ ಮೂರು ಪದದಾಗೇ ಬಂದಿರ್ಬೇಕು, ಯಾಕಂದ್ರೆ ಅಪ್ಪ ಅಮ್ಮನ ವಯಸ್ಸಿನವ್ರು ಫೋನಿನ ಅಕ್ಷರ ದೊಡ್ಡದು ಮಾಡ್ಕೊಂಡಿರ್ತಾರೆ, ಅವ್ರಿಗೆ ಇನ್ನೂ ಕಮ್ಮಿ ಕಾಣ್ತೈತಿ.

ಪ್ರೈವೇಟ್ ಅಕೌಂಟ್ ಇಲ್ಲಿ ಕೆಲ್ಸಕ್ಕೆ ಬರ್ತೈತಿ. ಅದೇ ವಿಡಿಯೋ ಅದೇ ಕ್ಯಾಪ್ಶನ್ ಮೊದ್ಲು ಅಲ್ಲಿ ಹಾಕಿ, ನಿಮ್ಮ ಫೋನ್ನಾಗ ಒಂದ್ಸಲ, ಮನ್ಯಾಗ ಬೇರೆ ಯಾರ್ದಾದ್ರೂ ಫೋನ್ನಾಗ ಒಂದ್ಸಲ ತೆಗ್ದು ಸಾಲು ಎಲ್ಲಿ ಕಟ್ ಆಗೈತಿ ನೋಡ್ರಿ. ಅರ್ಧ ಪದಕ್ಕೆ ಕಟ್ ಆಗಿ ಅರ್ಥ ಉಲ್ಟಾ ಆಗೋದೂ ಉಂಟು, "ಖಾರ ಜಾಸ್ತಿ ಅಂತ ಯಾರೂ ಬಿಡಲ್ಲ" ಅಂತ ಬರೆದಿದ್ದು "ಖಾರ ಜಾಸ್ತಿ ಅಂತ" ಅಲ್ಲಿಗೇ ನಿಂತ್ರೆ ಓದೋರು ಅದನ್ನ ದೂರು ಅನ್ಕೊಳ್ತಾರೆ.

ಮೊದಲ್ನೇ ಸಾಲಿನ ಶುರುವಿಗೇ ಹ್ಯಾಶ್‌ಟ್ಯಾಗು, ಐದಾರು ಬೆಂಕಿ ಇಮೋಜಿ, ಇಲ್ಲಾ ಯಾರ್ದೋ ಅಕೌಂಟ್ ಹೆಸರು ಹಾಕ್ಬ್ಯಾಡ್ರಿ. ಸೈಟ್ ಸಿಕ್ಕಿರೋದೇ ಅಷ್ಟು, ಅದ್ರಾಗ ಅರ್ಧ ಕಾಂಪೌಂಡಿಗೇ ಹೋದ್ರೆ ಮನಿ ಎಲ್ಲಿ ಕಟ್ತೀರಿ.

2. ಬಂಡಿಗೆ ಒಂದೇ ಸಂಜಿ ಎರಡು ಸಲ ಹೋಗ್ರಿ

ಇದು ಯಾರೂ ಮಾಡಲ್ಲ, ಅದಕ್ಕೇ ಇದನ್ನ ಒತ್ತಿ ಹೇಳ್ತಿದೀನಿ. ಎಲ್ರೂ ಏನ್ ಮಾಡ್ತಾರೆ, ಒಂದ್ಸಲ ಹೋಗಿ ಒಂದು ಪ್ಲೇಟ್ ತಗೊಂಡು, ಸೇವು ಉದುರ್ಸೋದು ಒಂದು ಶಾಟ್, ಬಾಯಿಗೆ ಇಡೋದು ಒಂದು ಶಾಟ್ ಮಾಡ್ಕೊಂಡು ಬಂದ್ಬಿಡ್ತಾರೆ. ಹಂಗ್ ಬಂದ್ರೆ ಕೈಯಾಗಿರೋದು ಎಲ್ಲಾ ಬಂಡಿಗೂ ಒಂದೇ ಥರ ಇರೋ ವಿಷಯಗಳು ಮಾತ್ರ.

ಮಸಾಲ ಪುರೀಲಿ ಬಂಡಿಯಿಂದ ಬಂಡಿಗೆ ಬೇರೆ ಆಗೋದು ಮುಖ್ಯವಾಗಿ ಬಟಾಣಿ ಮಸಾಲಿ. ಒಣ ಬಟಾಣಿ ಹಿಂದಿನ ರಾತ್ರೀನೇ ನೆನೆ ಹಾಕಿ, ಬೇಯ್ಸಿ, ಕೊತ್ತಂಬ್ರಿ ಪುದೀನ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಚಕ್ಕೆ ಲವಂಗ ರುಬ್ಬಿ ಹಾಕಿ ಕುದಿಸ್ತಾರೆ, ಅದ್ರಾಗ ಸ್ವಲ್ಪ ಬಟಾಣಿ ಹಿಚುಕಿರ್ತಾರೆ, ಸ್ವಲ್ಪ ಇಡಿಯಾಗೇ ಬಿಟ್ಟಿರ್ತಾರೆ. ಬಂಡಿ ಮ್ಯಾಲೆ ಸಣ್ಣ ಉರೀಲಿ ಅದು ಸಂಜಿಯಿಡೀ ಕುದೀತಾನೇ ಇರ್ತೈತಿ. ಕುದ್ದಂಗೆಲ್ಲಾ ನೀರು ಆವಿಯಾಗಿ ಹೋಗ್ತೈತಿ, ಬಟಾಣಿ ಒಡೆದು ಅದ್ರಾಗಿನ ಹಿಟ್ಟಿನ ಅಂಶ ನೀರಿಗೆ ಬಿಡ್ತೈತಿ, ಮಸಾಲಿ ಗಟ್ಟಿ ಆಗ್ತಾ ಹೋಗ್ತೈತಿ. ಹಂಗಾಗಿ ಸಂಜಿ ಐದಕ್ಕೆ ತಿಂದ ಪ್ಲೇಟೂ ರಾತ್ರಿ ತಿಂದ ಪ್ಲೇಟೂ ಒಂದೇ ಬಂಡೀದಾದ್ರೂ ಒಂದೇ ಥರ ಇರಲ್ಲ. ಕೆಲವು ಬಂಡೀಲಿ ಬಿಸಿನೀರು ಹಾಕಿ ಹಾಕಿ ಒಂದೇ ಹದದಾಗ ಇಡ್ತಾರೆ, ಅಲ್ಲಿ ಈ ವ್ಯತ್ಯಾಸ ಕಾಣಲ್ಲ. ನಿಮ್ಮ ಬಂಡಿ ಯಾವ ಜಾತೀದು ಅಂತ ಗೊತ್ತಾಗೋದು ಎರಡು ಸಲ ಹೋದಾಗ್ಲೇ.

ನೋಡೋ ವಿಧಾನ ಸುಲಭ. ಪ್ಲೇಟ್ ಕೈಗೆ ಬಂದ ಕೂಡ್ಲೆ ಸ್ವಲ್ಪ ವಾರೆ ಮಾಡ್ರಿ. ಮಸಾಲಿ ಓಡಿ ಒಂದು ಅಂಚಿಗೆ ಬಂದು ನಿಂತ್ರೆ ತೆಳು. ಪುರಿ ಚೂರಿನ ಮ್ಯಾಲೇ ಕುಂತು ನಿಧಾನಕ್ಕೆ ಜಾರಿದ್ರೆ ಗಟ್ಟಿ. ತೆಳು ಇದ್ರೆ ಪುರಿ ಬೇಗ ನೆಂದು ಮೆತ್ತಗಾಗ್ತೈತಿ, ಗಟ್ಟಿ ಇದ್ರೆ ಸುಮಾರು ಹೊತ್ತು ಕರುಂಕುರುಂ ಉಳೀತೈತಿ. ಇದ್ರಾಗ ಒಳ್ಳೇದು ಕೆಟ್ಟದ್ದು ಅಂತ ಇಲ್ಲ, ಹಲ್ಲಿಲ್ಲದ ಅಜ್ಜಾರಿಗೆ ಮೆತ್ತಗಿರೋದೇ ಬೇಕು, ಕಾಲೇಜ್ ಹುಡುಗ್ರಿಗೆ ಕುರುಂ ಬೇಕು. ಈ ಎರಡು ಪಾರ್ಟಿ ಇರೋದೇ ನಮ್ಗೆ ಮುಂದೆ ಅನುಕೂಲ ಆಗೋದು.

ಆಮೇಲೆ ಮಾತಾಡ್ಸ್ರಿ. ರಶ್ ಇರೋವಾಗ ಕೇಳ್ಬ್ಯಾಡ್ರಿ, ನಾಲ್ಕೂವರೆ ಐದಕ್ಕೆ ಬಂಡಿ ಹಚ್ಚೋ ಹೊತ್ತಿಗೆ ಕೇಳ್ರಿ, ಇಲ್ಲಾ ಎರಡನೇ ಸಲ ಹೋದಾಗ ಗಿರಾಕಿ ಕಮ್ಮಿ ಇರೋ ಹೊತ್ತು ನೋಡಿ ಕೇಳ್ರಿ. "ನಿಮ್ಮ ಸ್ಪೆಷಲ್ ಏನಣ್ಣ" ಅಂತ ಕೇಳಿದ್ರೆ "ಎಲ್ಲಾ ಸ್ಪೆಷಲ್ಲೇ" ಅಂತಾರೆ, ಪ್ರಶ್ನೆ ಅಂಥಾದ್ದು, ಉತ್ರಾನೂ ಅಂಥಾದ್ದೇ. ಕಣ್ಣಿಗೆ ಕಂಡ ವಸ್ತು ತೋರ್ಸಿ ಕೇಳ್ರಿ. ನಮ್ಮ ಉದಾಹರಣೆ ಬಂಡೀಲಿ ಮಾತು ಹೋಗಿದ್ದು ಹಿಂಗೆ:

"ಅಣ್ಣಾ, ಆಗ ಬಂದಾಗ ಮಸಾಲಿ ತೆಳ್ಳಗಿತ್ತು, ಈಗ ಇಷ್ಟು ಗಟ್ಟಿ ಐತಲ್ಲ?"

"ಐದಕ್ಕೆ ಈಗ ತಾನೆ ಪಾತ್ರಿ ಇಟ್ಟಿರ್ತೀನಿ ತಮ್ಮ, ಕುದ್ದು ಕುದ್ದು ಬಟಾಣಿ ಒಡೀಬೇಕಲ್ಲ. ದಿನಾ ಬರೋರು ಕೆಲವ್ರು ಏಳೂವರೆ ಆಗ್ಲಿ ಅಂತಾನೇ ಕಾಯ್ತಾರೆ. ಬಂದು 'ತಳದಾಗಿಂದು ಹಾಕು' ಅಂತಾರೆ."

ತಳದಾಗಿಂದು ಹಾಕು. ಯಾವ ಬೋರ್ಡ್ ಮ್ಯಾಲೂ ಬರೆದಿಲ್ಲ, ದಿನಾ ಬರೋರಿಗೆ ಮಾತ್ರ ಗೊತ್ತು. ಇಂಥಾದ್ದು ಕೇಳಿದ ಕೂಡ್ಲೆ ಅವ್ರು ಹೇಳಿದ ಪದದಾಗೇ ನೋಟ್ಸ್‌ಗೆ ಹಾಕ್ಕೊಳ್ರಿ, ಮನೀಗೆ ಹೋಗಿ ನೆನಪು ಮಾಡ್ಕೊಂಡು ಬರೆದ್ರೆ ಅದು ನಿಮ್ಮ ಭಾಷೆ ಆಗ್ಬಿಡ್ತೈತಿ, ಅಣ್ಣಂದು ಅಲ್ಲ.

3. ಬರ್ಕೊಂಡಿದ್ರಾಗ ಒಂದನ್ನ ಮಾತ್ರ ಉಳಿಸ್ಕೊಳ್ರಿ

ಈ ಬಂಡೀಲಿ ನೋಟ್ಸ್ ತುಂಬಾ ಸಿಕ್ಕಿದ್ವು. ಪುರಿ ಮುಷ್ಟೀಲಿ ಪುಡಿ ಮಾಡ್ತಾರೆ, ಬೆಳ್ಳುಳ್ಳಿ ಹಾಕಿರೋ ಕೆಂಪು ಚಟ್ನಿ ಐತಿ, ಬೆಲ್ಲ ಹುಣಸಿಹಣ್ಣಿನ ಸಿಹಿ ಚಟ್ನಿ ಮನ್ಯಾಗೇ ಮಾಡ್ತಾರೆ, ಗಜ್ಜರಿ ತುರಿ ಧಾರಾಳ ಹಾಕ್ತಾರೆ, ರಾತ್ರಿ ಒಂಬತ್ತರ ಒಳಗೆ ಖಾಲಿ, ಮಸಾಲಿ ಹೊತ್ತಿಗೆ ತಕ್ಕಂಗೆ ಬದಲಾಗ್ತೈತಿ, "ತಳದಾಗಿಂದು ಹಾಕು". ಎಲ್ಲಾನೂ ಮೊದಲ್ನೇ ಸಾಲಿಗೆ ತುರುಕೋಕೆ ಹೋದ್ರೆ ಅದು ಮೆನು ಕಾರ್ಡ್ ಆಗ್ತೈತಿ.

ನಾನು ಒಂದೊಂದಕ್ಕೂ ಎರಡು ಪ್ರಶ್ನೆ ಕೇಳ್ತೀನಿ. ಪಕ್ಕದ ಬಂಡಿ ರೀಲ್‌ಗೆ ಈ ಸಾಲು ಹಾಕಿದ್ರೆ ಸುಳ್ಳಾಗ್ತೈತಾ? ಮತ್ತೆ, ಇದನ್ನ ವಿಡಿಯೋದಾಗ ತೋರ್ಸೋಕೆ ಆಗ್ತೈತಾ? ಗಜ್ಜರಿ ತುರಿ, ಸಿಹಿ ಚಟ್ನಿ ಮೊದಲ್ನೇ ಪ್ರಶ್ನೆಗೇ ಬಿದ್ದು ಹೋಗ್ತಾವೆ, ಎಲ್ಲಾ ಕಡೆ ಐತಿ. ಕೆಂಪು ಚಟ್ನಿ ಚೊಲೋ ಐತಿ, ಆದ್ರೆ ಅದ್ರ ಘಮ ಸ್ಕ್ರೀನ್ ಮ್ಯಾಲೆ ತೋರ್ಸೋದು ಹೆಂಗೆ. ಹೊತ್ತಿಗೆ ತಕ್ಕಂಗೆ ಬದಲಾಗೋ ಮಸಾಲಿ ಎರಡೂ ಪ್ರಶ್ನೆ ದಾಟ್ತೈತಿ, ಎರಡು ಪ್ಲೇಟ್ ವಾರೆ ಮಾಡಿ ತೋರ್ಸಿದ್ರೆ ಯಾರಿಗಾದ್ರೂ ಕಾಣ್ತೈತಿ.

ಈ ಹಂತದಾಗ ಕೆಲವು ಸಾಲುಗಳ ಹತ್ರಾನೂ ಹೋಗ್ಬ್ಯಾಡ್ರಿ. "50 ವರ್ಷದ ಹಳೇ ಬಂಡಿ", "ಕರ್ನಾಟಕದ ನಂಬರ್ ಒನ್" ಇವೆಲ್ಲಾ ನೀವು ಸಾಬೀತು ಮಾಡೋಕಾಗಲ್ಲ, ಕೆಳಗೆ ಯಾರೋ ಒಬ್ರು "ನಮ್ಮ ಕಾಲದಾಗ ಇರ್ಲಿಲ್ಲ" ಅಂತ ಬರೆದ್ರೆ ಕಾಮೆಂಟ್ ಪೂರ್ತಿ ಅದೇ ಜಗಳ. "ಕಲರ್ ಹಾಕಲ್ಲ, ಆರೋಗ್ಯಕ್ಕೆ ಒಳ್ಳೇದು" ಅನ್ನೋದು ಇನ್ನೂ ಸೂಕ್ಷ್ಮ. 2024ರಾಗ ನಮ್ಮ ರಾಜ್ಯದ ಆಹಾರ ಸುರಕ್ಷತೆ ಇಲಾಖೆಯವ್ರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದು ನಿಷೇಧ ಮಾಡಿದ್ರು, ಅದೇ ವರ್ಷ ಪಾನಿಪುರಿ ಸ್ಯಾಂಪಲ್ ತಗೊಂಡು ಟೆಸ್ಟ್ ಮಾಡ್ಸಿದಾಗ ಕೆಲವದ್ರಾಗ ಬಣ್ಣ ಸಿಕ್ತು, ಆವಾಗಿಂದ ಹಸಿರು ಚಟ್ನಿ ಕಂಡ್ರೆ ಜನ ಅನುಮಾನ ಪಡ್ತಾರೆ. ಕೊತ್ತಂಬ್ರಿ ಪುದೀನ ರುಬ್ಬೋದನ್ನ ನೀವು ಕಣ್ಣಾರೆ ನೋಡಿ ಶೂಟ್ ಮಾಡಿದ್ರೆ ಆ ಶಾಟ್ ಹಾಕ್ರಿ, ಬಾಯಿಮಾತಿನ ಸರ್ಟಿಫಿಕೇಟ್ ಮಾತ್ರ ಬರೀಬ್ಯಾಡ್ರಿ.

ಇನ್ನೊಂದು ನಂಗೆ ಸೇರದೇ ಇರೋದು "ಪಾಪ ಈ ಅಜ್ಜನಿಗೆ ಸಪೋರ್ಟ್ ಮಾಡಿ" ಅನ್ನೋ ಹುಕ್. ವ್ಯೂಸ್ ಬರ್ತಾವೆ, ಇಲ್ಲ ಅನ್ನಲ್ಲ. ಆದ್ರೆ ಆ ಅಜ್ಜ ಮಾರ್ತಿರೋದು ಮಸಾಲ ಪುರಿ, ಕನಿಕರ ಅಲ್ಲ, ನೀವು ಹಂಗ್ ಬರ್ದಿದೀರಿ ಅಂತ ಮೊಮ್ಮಕ್ಕಳು ಓದಿ ಹೇಳಿದ್ರೆ ಅವ್ರಿಗೆ ಎಷ್ಟು ಬೇಜಾರಾಗ್ಬೋದು ಯೋಚ್ನೆ ಮಾಡ್ರಿ.

4. ಸಾಲು ಬರೀರಿ, ಕತ್ತರಿಸ್ರಿ, ಬಂಡಿಯವ್ರಿಗೆ ಓದಿ ಹೇಳ್ರಿ

ಈಗ ನಮ್ಮ ಹತ್ರ ಇರೋದು ಒಂದೇ ವಿಷಯ, ಮಸಾಲಿ ಸಂಜಿ ತೆಳು ರಾತ್ರಿ ಗಟ್ಟಿ. ಇದನ್ನ ಸಾಲು ಮಾಡ್ತಾ ಹೋಗೋಣ.

ಮೊದಲ್ನೇದಾಗಿ ಕೈಗೆ ಬರೋದು ಹಿಂಗಿರ್ತೈತಿ: "ಬಳ್ಳಾರಿಯ ಈ ಬಂಡಿಯಲ್ಲಿ ಸಮಯಕ್ಕೆ ತಕ್ಕಂತೆ ಮಸಾಲ ಪುರಿಯ ರುಚಿ ಬದಲಾಗುತ್ತದೆ." ತಪ್ಪೇನಿಲ್ಲ, ಆದ್ರೆ ಪೇಪರ್ ಸುದ್ದಿ ಓದಿದಂಗೈತಿ, ಮೇಲಾಗಿ "ಬಳ್ಳಾರಿಯ ಈ ಬಂಡಿಯಲ್ಲಿ ಸಮಯಕ್ಕೆ" ಅನ್ನೋದ್ರಾಗೇ ಸ್ಕ್ರೀನ್ ಮುಗೀತು. ರುಚಿ ಬದಲಾಗ್ತೈತಿ ಅನ್ನೋ ಮುಖ್ಯ ಮಾತು ಚುಕ್ಕಿ ಹಿಂದೆ ಹೋಯ್ತು. ಕನ್ನಡದಾಗ ಕ್ರಿಯಾಪದ ಕೊನೇಗೆ ಬರೋದ್ರಿಂದ ಉದ್ದ ವಾಕ್ಯ ಬರೆದ್ರೆ ಯಾವಾಗ್ಲೂ ಹಿಂಗೇ ಆಗ್ತೈತಿ, ಎತ್ತೋ ವಿಷಯಾನೇ ಕಟ್ ಆಗಿ ಹೋಗ್ತೈತಿ. ಅದಕ್ಕೆ ಎರಡೇ ದಾರಿ, ವಾಕ್ಯ ಸಣ್ಣದು ಮಾಡ್ಬೇಕು ಇಲ್ಲಾ ಮಾತಾಡೋವಾಗ ಮಾಡ್ದಂಗೆ ಕ್ರಿಯಾಪದ ಮುಂದಕ್ಕೆ ಎಳೀಬೇಕು.

ಎರಡನೇದು: "ಹೋಗ್ಬ್ಯಾಡ್ರಿ ಏಳೂವರೆ ಮುಂಚೆ ಈ ಬಂಡಿಗೆ!" ಇದು ಖಡಕ್ ಐತಿ. ಬ್ಯಾಡ ಅಂದ್ರೆ ಯಾಕೆ ಅಂತ ಯಾರಾದ್ರೂ ಕೇಳ್ತಾರೆ, ಒತ್ತಿ ಓದ್ತಾರೆ. ಬಹಳ ಮಂದಿ ಇಲ್ಲಿಗೇ ಖುಷಿಯಾಗಿ ಪೋಸ್ಟ್ ಮಾಡ್ಬಿಡ್ತಾರೆ. ಆದ್ರೆ ನಾನು ಹೇಳೋದು, ಪೋಸ್ಟ್ ಮಾಡೋಕ್ ಮುಂಚೆ ಮೊದಲ್ನೇ ಸಾಲು ಬಂಡಿಯವ್ರಿಗೆ ಒಂದ್ಸಲ ಓದಿ ಹೇಳ್ರಿ. ಇಲ್ಲಿ ಬಂಡಿ ಅಣ್ಣ ಕೇಳಿದ್ದು ಹಿಂಗೆ, "ಹಂಗ್ ಬರ್ದ್ರೆ ನನ್ನ ಸಂಜಿ ಗಿರಾಕಿ ಎಲ್ಲಿ ಹೋಗ್ಬೇಕು ತಮ್ಮ? ಕಾಲೇಜ್ ಬಿಟ್ಟು ಹುಡುಗ್ರು ಐದಕ್ಕೇ ಬರೋದು, ಏಳೂವರೆಗೆ ಎಲ್ರೂ ಒಟ್ಟಿಗೆ ಬಂದ್ರೆ ನಾನೊಬ್ಬ ಎಷ್ಟು ಪ್ಲೇಟ್ ಕೊಡ್ಲಿ?" ಮಾತು ಖರೇ ಐತಿ. ನಿಮ್ಮ ಹುಕ್ ನಿಮ್ಗೆ ವ್ಯೂಸ್ ತಂದು ಅವ್ರಿಗೆ ಎರಡೂವರೆ ತಾಸು ವ್ಯಾಪಾರ ಕಳೆದ್ರೆ ಅದು ಯಾವ ಸೀಮೆ ಪ್ರಚಾರ. ಅದೂ ಅಲ್ದೆ ಐದಕ್ಕೆ ಸಿಗೋ ಪ್ಲೇಟ್ ಕೆಟ್ಟದ್ದು ಅಂತ ಯಾರೂ ಹೇಳಿಲ್ಲ, ಈ ಸಾಲು ಹಂಗ್ ಹೇಳ್ದಂಗಾಗ್ತೈತಿ.

ಮೂರನೇದು: "ತಳದಾಗಿಂದು ಹಾಕು ಅಂತ ಕೇಳ್ರಿ." ಇದು ನಂಗೆ ಭಾಳ ಇಷ್ಟ ಆದ ಸಾಲು, ಗುಟ್ಟು ಹೇಳಿದಂಗೈತಿ. ತೊಂದ್ರೆ ಏನಂದ್ರೆ, ರೀಲ್ ನೋಡಿ ಬಂದ ಎಲ್ರೂ ತಳದಾಗಿಂದೇ ಕೇಳಿದ್ರೆ ಮ್ಯಾಲಿಂದು ಯಾರಿಗೆ ಹಾಕ್ಬೇಕು? ಪಾತ್ರ್ಯಾಗ ತಳ ಇರೋದು ಒಂದೇ. ಇಂಥಾ ಗುಟ್ಟು ಒಂದು ನಾಲ್ಕು ಜನಕ್ಕೆ ಗೊತ್ತಿದ್ರೆ ಚಂದ, ಸಾವ್ರ ಜನಕ್ಕೆ ಗೊತ್ತಾದ್ರೆ ಬಂಡಿಯವ್ರಿಗೆ ದಿನಾ ತಕರಾರು.

ನಾಲ್ಕನೇದು: "ಐದಕ್ಕೆ ತೆಳು, ಏಳೂವರೆಗೆ ಗಟ್ಟಿ. ನಿಮ್ದು ಯಾವ್ದು?"

ಇದನ್ನ ಇಟ್ಕೊಳ್ಳೋಣ. ಮೊದಲ್ನೇ ನಾಲ್ಕು ಪದಕ್ಕೇ ವಿಷಯ ಬಂತು, ಉಳಿದ ಎರಡು ಪದ ಕಟ್ ಆದ್ರೂ ಅರ್ಥ ಕೆಡಲ್ಲ. ಕ್ರಿಯಾಪದಾನೇ ಇಲ್ಲ, ಹಂಗಾಗಿ ಕೊನೇ ತನಕ ಕಾಯೋದೂ ಇಲ್ಲ. ಏನು ತೆಳು, ಏನು ಗಟ್ಟಿ ಅಂತ ಪೂರ್ತಿ ಹೇಳಿಲ್ಲ, ಆದ್ರೆ ಮ್ಯಾಲೆ ವಿಡಿಯೋದಾಗ ಮಸಾಲಿ ಕಾಣ್ತಾ ಇರ್ತೈತಿ, ಓದೋರು ತಾವೇ ಜೋಡ್ಸ್ಕೊಳ್ತಾರೆ. ಸಂಜಿ ಗಿರಾಕೀನೂ ಉಳೀತು, ರಾತ್ರಿ ಗಿರಾಕೀನೂ ಉಳೀತು. ಮತ್ತೆ ಆ ಎರಡು ಪಾರ್ಟಿ ಇದಾವಲ್ಲ, ಮೆತ್ತಗೆ ಬೇಕನ್ನೋರು ಕುರುಂ ಬೇಕನ್ನೋರು, ಅವ್ರು ಕಾಮೆಂಟ್‌ನಾಗ ತಾವಾಗೇ ಬಂದು ಹೇಳ್ತಾರೆ. "ಕಾಮೆಂಟ್ ಮಾಡಿ ಫ್ರೆಂಡ್ಸ್" ಅಂತ ಬೇಡ್ಕೊಳ್ಳೋದು ತಪ್ತು.

ನಿಮ್ಮ ಬಂಡೀಲಿ ವಿಷಯ ಬೇರೆ ಇರ್ತೈತಿ. ಕೊಪ್ಪಳ ಕಡೆ ಒಬ್ರು ಮಿರ್ಚಿ ಬಜ್ಜಿ ಮುರಿದು ಮಸಾಲ ಪುರಿ ಮ್ಯಾಲೆ ಹಾಕ್ತಾರೆ ಅನ್ಕೊಳ್ರಿ, "ಮಿರ್ಚಿ ಮುರಿದು ಮ್ಯಾಲೆ ಹಾಕ್ತಾರ!" ಅಷ್ಟೇ ಸಾಕು, ಗವಿಮಠದ ಜಾತ್ರಿ ದಾಸೋಹದಾಗ ಮಿರ್ಚಿ ತಿಂದ ಊರಿಗೆ ಮಿರ್ಚಿ ಏನಂತ ವಿವರ್ಸೋದು ಬ್ಯಾಡ. ರಾಯಚೂರ್ನಾಗ ಬ್ಯಾಸಗಿ ಬಿಸಿಲು ಇಳಿದ್ಮೇಲೇ ಬಂಡಿ ಹಚ್ಚೋರು ಇದ್ರೆ ಅಲ್ಲಿ ಹೊತ್ತೇ ಹುಕ್ ಆಗ್ಬೋದು. ನನ್ನ ಸಾಲು ಕಾಪಿ ಮಾಡ್ಬ್ಯಾಡ್ರಿ, ನಿಮ್ಮ ಬಂಡೀಲಿ ಮಸಾಲಿ ಬದಲಾಗ್ದೇ ಇದ್ರೆ ಮೊದಲ್ನೇ ಗಿರಾಕೀನೇ ಬಂದು ಕಾಮೆಂಟ್‌ನಾಗ ಹಿಡೀತಾನೆ.

5. ವಿಡಿಯೋ ಆ ಸಾಲಿಗೆ ಉತ್ರ ಕೊಡ್ತೈತಾ ನೋಡ್ರಿ

ಸಾಲು ತೆಳು ಗಟ್ಟಿ ಅಂತೈತಿ, ವಿಡಿಯೋ ಪೂರ್ತಿ ಸೇವು ಉದುರ್ಸೋದೇ ತೋರಿಸ್ತಾ ಇದ್ರೆ ಓದಿದೋರಿಗೆ ಮೋಸ ಆದಂಗೆ. ಎರಡು ಪ್ಲೇಟ್ ವಾರೆ ಮಾಡಿದ ಶಾಟ್ ಶುರುವಿನಾಗೇ ಬರ್ಬೇಕು. ಐದಕ್ಕೆ ತೆಗೆದಿದ್ದು, ಏಳೂವರೆಗೆ ತೆಗೆದಿದ್ದು ಒಂದಾದ ಮ್ಯಾಲೆ ಒಂದು ಇಟ್ರೆ ಸಾಕು. ಎರಡೂ ಸಲ ಒಂದೇ ಥರ ಪ್ಲೇಟು, ಒಂದೇ ಕೋನ ಇರ್ಲಿ, ಇಲ್ಲಾಂದ್ರೆ ವ್ಯತ್ಯಾಸ ಮಸಾಲೀದಾ ಲೈಟಿಂದಾ ಅಂತ ಗೊತ್ತಾಗಲ್ಲ. ಐದಕ್ಕೆ ಬೆಳಕಿರ್ತೈತಿ, ಏಳೂವರೆಗೆ ಬಲ್ಬ್ ಬೆಳಕು ಹಳದಿಯಾಗಿ ಬೀಳ್ತೈತಿ, ಅದನ್ನ ಪೂರ್ತಿ ಸರಿ ಮಾಡೋಕೆ ಹೋಗ್ಬ್ಯಾಡ್ರಿ, ಹೊತ್ತು ಬದಲಾಗೈತಿ ಅಂತ ಅದೂ ಹೇಳ್ತೈತಿ.

ಸ್ಕ್ರೀನ್ ಮ್ಯಾಲೆ ದೊಡ್ಡದಾಗಿ ಅಕ್ಷರ ಹಾಕೋ ಅಭ್ಯಾಸ ಇದ್ರೆ, ಕ್ಯಾಪ್ಶನ್ ಸಾಲನ್ನೇ ಅಲ್ಲೂ ಹಾಕ್ಬ್ಯಾಡ್ರಿ. ಅಲ್ಲಿ ಬರೀ "ಸಂಜೆ 5" ಮತ್ತೆ "ರಾತ್ರಿ 7:30" ಅಂತ ಹಾಕ್ರಿ. ಎರಡೂ ಸೇರಿ ಒಂದು ಮಾತಾಗ್ಬೇಕು.

6. ಸಾಲಿನ ಕೆಳಗಿನ ಕ್ಯಾಪ್ಶನ್

ಮೊದಲ್ನೇ ಸಾಲು ಆದ್ಮೇಲೆ ಎಂಟರ್ ಒತ್ತಿ ಒಂದು ಸಾಲು ಖಾಲಿ ಬಿಡ್ರಿ. ಆಮೇಲೆ ಮೊದ್ಲು ಬರ್ಬೇಕಾಗಿದ್ದು ಹುಕ್‌ನ ಉತ್ರ, ಅಂದ್ರೆ ಯಾಕೆ ಹಂಗೆ ಅನ್ನೋದು. ಅದಾದ್ಮೇಲೆ ಹೋಗೋರಿಗೆ ಬೇಕಾದ ವಿಷಯ. ನಮ್ಮ ಬಂಡೀದು ಹಿಂಗೆ ಬಂತು:

> ಐದಕ್ಕೆ ತೆಳು, ಏಳೂವರೆಗೆ ಗಟ್ಟಿ. ನಿಮ್ದು ಯಾವ್ದು?
>
> ಬಂಡಿ ಒಂದೇ, ಪಾತ್ರಿ ಒಂದೇ, ಮಸಾಲ ಪುರಿ ಮಾತ್ರ ಎರಡು ಥರ. ಸಂಜಿ ಹೋದ್ರೆ ಮಸಾಲಿ ತೆಳ್ಳಗೆ, ಪುರಿ ನೆಂದು ಮೆತ್ತಗಿರ್ತೈತಿ. ಏಳೂವರೆ ಹೊತ್ತಿಗೆ ಬಟಾಣಿ ಕುದ್ದು ಒಡೆದು ಮಸಾಲಿ ಗಟ್ಟಿ ಆಗಿರ್ತೈತಿ, ಪುರಿ ಇನ್ನೂ ಕರುಂ ಅಂತಿರ್ತೈತಿ.
>
> ಖಾರ ಕಮ್ಮಿ ಬೇಕಂದ್ರೆ ಪ್ಲೇಟ್ ಹಾಕೋಕ್ ಮುಂಚೆನೇ ಹೇಳ್ರಿ.
>
> ಬಳ್ಳಾರಿ, ಇಂಥಾ ಸರ್ಕಲ್, ಇಂಥಾ ಅಂಗಡಿ ಎದ್ರು. ಸಂಜಿ 5ರಿಂದ ರಾತ್ರಿ 9, ಖಾಲಿ ಆದ್ರೆ ಮುಂಚೇನೇ ಬಂದ್. ಪ್ಲೇಟಿಗೆ 30 ರೂಪಾಯಿ.
>
> Ballari masala puri, Bellary street food
>
> #ballari #bellary #masalapuri

ಜಾಗದ ಸಾಲಿನಾಗ ಹೆಸರು ಖಾಲಿ ಬಿಟ್ಟಿದೀನಿ, ನಿಮ್ಮ ಬಂಡೀದು ತುಂಬ್ಕೊಳ್ರಿ. ಸರ್ಕಲ್ ಹೆಸರು ಮಾತ್ರ ಹಾಕಿದ್ರೆ ಸಾಲಲ್ಲ, ಒಂದೊಂದು ಸರ್ಕಲ್ನಾಗ ನಾಲ್ಕು ಬಂಡಿ ನಿಂತಿರ್ತಾವೆ, ಯಾವ ಅಂಗಡಿ ಎದ್ರು ಅಂತ ಹೇಳ್ರಿ, ಬಂಡಿ ಬಣ್ಣ ಹೇಳಿದ್ರೂ ಆಯ್ತು. ಜಾಗ ಮುಚ್ಚಿಟ್ಟು "ಎಲ್ಲಿ ಅಂತ ಕಾಮೆಂಟ್ ಮಾಡಿ, ಡಿಎಂ ಮಾಡ್ತೀನಿ" ಅನ್ನೋರಿದಾರೆ, ಆ ಸಂಜಿ ಹಸಿದು ಹೊರಟಿರೋನು ನಿಮ್ಮ ಡಿಎಂ ಕಾಯ್ಕೊಂಡು ಕುಂದ್ರಲ್ಲ, ಪಕ್ಕದ ಬಂಡಿಗೆ ಹೋಗ್ತಾನೆ. ಆದ್ರೆ ಬಂಡಿ ನಿಲ್ಸೋ ಜಾಗದ್ದು ಏನಾದ್ರೂ ಕಿರಿಕಿರಿ ನಡೀತಿದ್ರೆ ಅಣ್ಣಾನೇ ಬ್ಯಾಡ ಅಂತಾರೆ, ಆವಾಗ ಅವ್ರು ಹೇಳಿದಂಗೆ ಏರಿಯಾ ಹೆಸರಷ್ಟೇ ಹಾಕ್ರಿ.

ಕೊನೇ ಸಾಲುಗಳು ಹುಡುಕೋರಿಗೋಸ್ಕರ. ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ Ballari ಆಗೈತಿ, ಆದ್ರೂ ಸರ್ಚ್‌ನಾಗ Bellary ಅಂತ ಟೈಪ್ ಮಾಡೋರು ಇನ್ನೂ ಬೇಕಾದಷ್ಟು ಜನ ಇದಾರೆ, ಹಂಗಾಗಿ ಎರಡೂ ಇರ್ಲಿ. puri, poori ಎರಡು ಸ್ಪೆಲ್ಲಿಂಗೂ ಓಡ್ತಾವೆ, ಒಂದು ವಾಕ್ಯದಾಗ, ಇನ್ನೊಂದು ಹ್ಯಾಶ್‌ಟ್ಯಾಗ್ನಾಗ ಹಾಕ್ಬೋದು. ಹ್ಯಾಶ್‌ಟ್ಯಾಗ್ ಮೂರ್ನಾಲ್ಕು ಸಾಕು, #viral #trending ಅಂತೆಲ್ಲಾ ಹಾಕಿದ್ರೆ ಮಸಾಲ ಪುರಿ ತಿನ್ನೋರಿಗೆ ಏನೂ ಗೊತ್ತಾಗಲ್ಲ. ಕನ್ನಡದಾಗ ಹ್ಯಾಶ್‌ಟ್ಯಾಗ್ ಹಾಕಿದ್ರೆ ಪೋಸ್ಟ್ ಆದ್ಮೇಲೆ ಇಡೀ ಪದ ಲಿಂಕ್ ಆಗೈತಾ ಇಲ್ಲಾ ಮಧ್ಯೆ ತುಂಡಾಗೈತಾ ಒಂದ್ಸಲ ನೋಡ್ಕೊಳ್ರಿ.

7. ಪುಗಸಟ್ಟೆ ತಿಂದಿದ್ರೆ, ದುಡ್ಡು ತಗೊಂಡಿದ್ರೆ ಹೇಳ್ರಿ

ಬಂಡಿಯವ್ರು ದುಡ್ಡು ಕೊಟ್ಟು ರೀಲ್ ಮಾಡ್ಸಿದ್ರೆ ಅಥ್ವಾ ಫ್ರೀ ತಿನ್ಸಿ ಹಾಕು ಅಂದಿದ್ರೆ ಅದು ಜಾಹೀರಾತು. ಜಾಹೀರಾತುಗಳ ಸ್ವಯಂ ನಿಯಂತ್ರಣ ಸಂಸ್ಥೆ, ಜನ ಎಎಸ್‌ಸಿಐ ಅಂತ ಕರೀತಾರಲ್ಲ, ಅವ್ರು 2021ರಾಗ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿದಾರೆ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೇನೂ 2023ರ ಜನವರೀಲಿ ಮಾರ್ಗಸೂಚಿ ಕೊಟ್ಟೈತಿ. ಸಾರಾಂಶ ಏನಂದ್ರೆ ದುಡ್ಡಷ್ಟೇ ಅಲ್ಲ, ಪುಗಸಟ್ಟೆ ಸಿಕ್ಕಿದ್ದೂ ಲೆಕ್ಕಕ್ಕೆ ಬರ್ತೈತಿ, ಮತ್ತೆ ಅದನ್ನ ಓದೋರಿಗೆ ಎದ್ದು ಕಾಣೋ ಹಂಗೆ ಹೇಳ್ಬೇಕು, ಹ್ಯಾಶ್‌ಟ್ಯಾಗ್ ಗುಂಪಿನಾಗ ಅಡಗಿಸಿಡೋ ಹಂಗಿಲ್ಲ. ಇನ್‌ಸ್ಟಾಗ್ರಾಮ್‌ನಾಗ Paid partnership ಅನ್ನೋ ಲೇಬಲ್ ಐತಿ, ಅದನ್ನ ಆನ್ ಮಾಡಿದ್ರೆ ಹೆಸರಿನ ಕೆಳಗೇ ಕಾಣ್ತೈತಿ, ಮೊದಲ್ನೇ ಸಾಲಿನ ಜಾಗಾನೂ ತಿನ್ನಲ್ಲ. ಜೊತೆಗೆ ವಿಡಿಯೋ ಮ್ಯಾಲೆ "ಜಾಹೀರಾತು" ಅಂತ ಓದೋಕಾಗೋ ಅಷ್ಟು ದೊಡ್ಡದಾಗಿ ಬರೆದ್ರೆ ಇನ್ನೂ ಒಳ್ಳೇದು. ನೀವೇ ದುಡ್ಡು ಕೊಟ್ಟು ತಿಂದಿದ್ರೆ ಈ ಗೊಡವೇನೇ ಇಲ್ಲ, ಅದಕ್ಕೇ ನಾನು ದುಡ್ಡು ಇಟ್ಕೊಂಡು ಹೋಗ್ರಿ ಅಂದಿದ್ದು.

8. ಹಾಕಿದ್ಮೇಲೆ

ಪೋಸ್ಟ್ ಮಾಡೋ ಹೊತ್ತು ಬಂಡಿಯವ್ರನ್ನ ಕೇಳಿ ನಿರ್ಧಾರ ಮಾಡ್ರಿ. ಭಾನುವಾರ ಅವ್ರಿಗೆ ಮೊದ್ಲೇ ರಶ್ ಇದ್ರೆ ಭಾನುವಾರ ಮಧ್ಯಾಹ್ನ ಹಾಕೋದು ತಲೆಬ್ಯಾನಿ. ಬಟಾಣಿ ಹಿಂದಿನ ರಾತ್ರಿ ನೆನೆ ಹಾಕಿದ್ದಷ್ಟೇ ಇರ್ತೈತಿ, ಸಂಜಿ ಜನ ಜಾಸ್ತಿ ಬಂದ್ರು ಅಂತ ಆ ಹೊತ್ತಿಗೆ ಹೊಸಾದು ಮಾಡೋಕಾಗಲ್ಲ. ಹಿಂದಿನ ದಿನಾನೇ "ಅಣ್ಣಾ, ನಾಳೆ ಸಂಜಿ ಹಾಕ್ತೀನಿ" ಅಂತ ಹೇಳಿದ್ರೆ ಅವ್ರು ಅದಕ್ಕೆ ತಕ್ಕಂಗೆ ನೆನೆ ಹಾಕ್ತಾರೆ.

ಪೋಸ್ಟ್ ಆದ್ಮೇಲೂ ಕ್ಯಾಪ್ಶನ್ ತಿದ್ದಬಹುದು, ಮೂರು ಚುಕ್ಕಿ ಒತ್ತಿ Edit ಅಂತ ಹೋದ್ರೆ ಆಯ್ತು. ರೇಟು 30 ಇದ್ದಿದ್ದು 35 ಆದ್ರೆ, ಬಂಡಿ ಜಾಗ ಬದಲಾದ್ರೆ ತಿದ್ರಿ, ಹಳೇ ರೀಲು ತಿಂಗಳುಗಟ್ಲೆ ತಿರುಗ್ತಾ ಇರ್ತೈತಿ, ಹಳೇ ರೇಟು ನೋಡಿ ಬಂದೋರು ಜಗಳ ಮಾಡೋದು ಅಣ್ಣನ ಹತ್ರ, ನಿಮ್ಮ ಹತ್ರ ಅಲ್ಲ. ಇದೇ ಕಾರಣಕ್ಕೆ ರೇಟನ್ನ ಮೊದಲ್ನೇ ಸಾಲಿಗೆ ಹಾಕ್ಬ್ಯಾಡ್ರಿ ಅಂತೀನಿ ನಾನು.

ಸಾಲು ಕೆಲ್ಸ ಮಾಡ್ತಾ ಇಲ್ವಾ ಅಂತ ತಿಳ್ಕೊಳ್ಳೋಕೆ ವ್ಯೂಸ್ ನೋಡಿದ್ರೆ ಗೊತ್ತಾಗಲ್ಲ, ವ್ಯೂಸ್ ಬಹುಮಟ್ಟಿಗೆ ವಿಡಿಯೋದಿಂದ ಬರೋದು. ಕಾಮೆಂಟ್ ಓದ್ರಿ. "ಎಲ್ಲಿ ಇದು", "ರೇಟ್ ಎಷ್ಟು" ಅಂತಾನೇ ಬರ್ತಿದ್ರೆ ಜನ ಕ್ಯಾಪ್ಶನ್ ಬಿಚ್ಚೇ ಇಲ್ಲ ಅಂತ ಅರ್ಥ, ಮೊದಲ್ನೇ ಸಾಲು ಸೋತೈತಿ, ಬದಲಾಯ್ಸಿ ನೋಡ್ರಿ. "ನಂದು ತೆಳು", "ಗಟ್ಟೀನೇ ಮಜಾ", "ಅಯ್ಯೋ ನಾನು ಇಷ್ಟು ದಿನ ಐದಕ್ಕೇ ಹೋಗ್ತಿದ್ದೆ" ಅಂತ ಬರ್ತಿದ್ರೆ ಓದಿದಾರೆ. ಪ್ರೊಫೆಷನಲ್ ಅಕೌಂಟ್ ಇದ್ರೆ ಇನ್‌ಸೈಟ್ಸ್‌ನಾಗ, ಅಂದ್ರೆ ಲೆಕ್ಕ ತೋರ್ಸೋ ಜಾಗದಾಗ, ಸೇವ್ ಎಷ್ಟು ಶೇರ್ ಎಷ್ಟು ಅಂತಾನೂ ಕಾಣ್ತೈತಿ, ತಿನ್ನೋಕೆ ಹೋಗ್ಬೇಕು ಅಂತ ಇರೋರು ಸೇವ್ ಮಾಡ್ಕೊಳ್ತಾರೆ, "ಬಾ ಹೋಗೋಣ" ಅನ್ನೋರು ಗೆಳೆಯರಿಗೆ ಕಳಿಸ್ತಾರೆ. ಇನ್ನೂ ಖಾತ್ರಿ ಬೇಕಂದ್ರೆ ಮುಂದಿನ ವಾರ ಬಂಡಿಗೆ ಹೋಗಿ, ಏಳೂವರೆ ಮ್ಯಾಲೆ ಎಷ್ಟು ಜನ "ಗಟ್ಟೀದು ಐತೇನಣ್ಣ" ಅಂತ ಕೇಳ್ತಿದಾರೆ ಅಂತ ಅವ್ರನ್ನೇ ಕೇಳ್ರಿ.